ಬೋರ್ಡಿನ ಪಕ್ಕದ ಚೀಟಿ

ನಾನು ಒಬ್ಬರ ಅಕ್ಕ ಎಂದು ಫೋನಿನಲ್ಲಿ ಸುಳ್ಳು ಹೇಳಿದೆ. ಒಂದೇ ಸಲ, ಒಂದೇ ವಾಕ್ಯ. ಅದರಿಂದ ನನ್ನ ನೌಕರಿ ಉಳಿಯಿತು. ಅದರಿಂದ ಏನು ಹೋಯಿತು ಎಂಬುದನ್ನು ಬರೆದಿಡದೆ ನನಗೆ ಇನ್ನು ಸಮಾಧಾನವಿಲ್ಲ.

ಆಗ ನನಗೆ ನಲವತ್ಮೂರು. ಧಾರವಾಡದ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದವಳು ಇಪ್ಪತ್ತು ವರ್ಷ ಒಲೆಯ ಮುಂದೆಯೇ ಕಳೆದಿದ್ದೆ. ಕೊಂಢವಾದಲ್ಲಿ ಟೈಲ್ಸ್ ಅಂಗಡಿಯ ಮೇಲಿನ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಬೆಂಕಿ ಆರಿಸುವ ಸಿಲಿಂಡರುಗಳನ್ನು ತುಂಬಿಸಿ, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ, ಕೊರಳಿಗೆ ತಾರೀಖಿನ ಚೀಟಿ ಕಟ್ಟಿ ಕೊಡುವ ಸರ್ವೀಸ್ ಕಂಪನಿ. ಫೋನ್ ಮಾಡಿ ಹೊಸ ಗಿರಾಕಿ ಹಿಡಿಯುವುದು ನನ್ನ ಕೆಲಸ. ಮೆಟ್ಟಿಲ ಮೇಲೆಲ್ಲ ಕೆಂಪು ಸಿಲಿಂಡರುಗಳು, ಮೂಗಿಗೆಲ್ಲ ಬಿಳಿ ಪುಡಿ. ನನ್ನ ಪಾಲಿಗೆ ಅದೇ ಇಂದ್ರಭವನ. ನನ್ನದೇ ಒಂದು ಮೇಜು, ಒಂದು ಖುರ್ಚಿ, ಒಂದು ಫೋನು. ಮನೆಯಲ್ಲಿ ಗಂಡ ಒಂದು ತಿಂಗಳಲ್ಲಿ ಬಿಟ್ಟು ಬರ್ತಾಳೆ ಎಂದು ನನ್ನೆದುರಿಗೇ ನಾದಿನಿಗೆ ಹೇಳಿ ನಕ್ಕಿದ್ದರು. ಸತ್ತರೂ ಈ ಖುರ್ಚಿ ಬಿಡುವುದಿಲ್ಲ ಎಂದುಕೊಂಡಿದ್ದೆ.

ನಮ್ಮ ಮಾಲಕರು ನಿಪ್ಪಾಣಿ ಕಡೆಯವರು. ನಮ್ಮ ಕಡೆ ಪರಿಚಯವಿಲ್ಲದ ಹೆಂಗಸನ್ನೂ ಕರೆಯುವ ಹಾಗೆ ನನ್ನನ್ನು ಅಕ್ಕಾರ ಎಂದೇ ಕರೆಯುತ್ತಿದ್ದರು. ಮೊದಲ ದಿನವೇ ಕೂರಿಸಿಕೊಂಡು ಪಾಠ ಹೇಳಿದರು.

"ಅಕ್ಕಾರ, ಫೋನ್ ಎತ್ತಾವ್ರು ಬ್ಯಾರೆ, ಸೈ ಹಾಕಾವ್ರು ಬ್ಯಾರೆ. ಎತ್ತಾವ್ರ ಮುಂದ ಮಾಲು ಬಿಚ್ಚಬ್ಯಾಡ್ರಿ."

ಫೋನ್ ಎತ್ತುವವರಿಗೆ ಬೇಡ ಎನ್ನುವ ಅಧಿಕಾರ ಮಾತ್ರ ಇರುತ್ತದೆ, ಹೂಂ ಎನ್ನುವ ಅಧಿಕಾರ ಇರುವುದಿಲ್ಲ ಎಂಬುದು ಅವರ ಲೆಕ್ಕ. ಆದ್ದರಿಂದ ಮೊದಲು ಸೈ ಹಾಕುವವರು ಯಾರೆಂದು ತಿಳಿದುಕೊಳ್ಳಬೇಕು. ರಿಸೆಪ್ಶನ್ ತೆರೆಯುವ ಮುಂಚೆ ಮಾಡಬೇಕು, ದೊಡ್ಡ ಸಾಹೇಬರು ಬೇಗ ಬಂದಿರುತ್ತಾರೆ, ತಾವೇ ಎತ್ತಬಹುದು. ಇಲ್ಲವೇ ಊಟದ ಹೊತ್ತಿಗೆ ಮಾಡಬೇಕು, ಆಗ ಫೋನಿನ ಬೋರ್ಡಿನ ಮುಂದೆ ವಾಚ್‌ಮನ್ ಕೂತಿರುತ್ತಾನೆ. ಅದೂ ಆಗದಿದ್ದರೆ ಅಕೌಂಟ್ಸಿಗೆ ಜೋಡಿಸಿಕೊಂಡು, ಅಯ್ಯೋ ತಪ್ಪಾಯಿತು, ಸ್ವಲ್ಪ ಸಾಹೇಬರಿಗೆ ಕೊಡ್ರಿ ಎನ್ನಬೇಕು. ಒಳಗಿನಿಂದ ಬಂದ ಫೋನಿಗೆ ಯಾರು, ಏನು ಎಂದು ಕೇಳುವುದಿಲ್ಲ. ಕಡೆಗೆ, ಏನೇ ಆಗಲಿ, ಫೋನ್ ಇಡುವ ಮೊದಲು ನಮ್ಮ ನಂಬರು ಹೇಳಿಯೇ ಇಡಬೇಕು. ಇದನ್ನು ಮಾತ್ರ ಅವರು ಗಿಣಿಗೆ ಕಲಿಸಿದ ಹಾಗೆ ಕಲಿಸಿದರು. ದಿನಕ್ಕೆ ನಲವತ್ತು ಸಲ ಹೇಳಿ ಹೇಳಿ, ನಿದ್ದೆಯಲ್ಲಿ ಕೇಳಿದರೂ ನನ್ನ ಬಾಯಿಂದ ಆಫೀಸಿನ ನಂಬರು ಉದುರುತ್ತಿತ್ತು.

ಎರಡು ತಿಂಗಳಲ್ಲಿ ನಾನು ಕೆಲಸದಲ್ಲಿ ಹಿಂದೆ ಬಿದ್ದಿರಲಿಲ್ಲ. ಎರಡು ಅಪಾರ್ಟ್‌ಮೆಂಟ್ ಸೊಸೈಟಿ, ಒಂದು ಮದುವೆ ಹಾಲ್ ಗಿರಾಕಿಗಳಾಗಿ ಸಿಕ್ಕಿದ್ದವು. ಆದರೆ ಮಾಲಕರ ಕಣ್ಣಿದ್ದದ್ದು ಹಡಪಸರದ ಕಡೆ ಇದ್ದ ಒಂದು ಕಾರ್ಖಾನೆಯ ಮೇಲೆ. ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆ. ನಮ್ಮ ಟೆಕ್ನಿಶಿಯನ್ ಪಕ್ಕದ ಗೋದಾಮಿಗೆ ಹೋದಾಗ ಇವರ ಗೇಟಿನ ಸಿಲಿಂಡರು ನೋಡಿ ಬಂದಿದ್ದ. ಚೀಟಿಯ ಅವಧಿ ಮುಗಿದು ಎರಡು ವರ್ಷವಾಗಿತ್ತು. ರಟ್ಟು ತುಂಬಿದ ಜಾಗ, ಒಂದು ಕಿಡಿ ಸಾಕು. ಅಂದರೆ ಅವರಿಗೆ ನಾವು ನಿಜವಾಗಿಯೂ ಬೇಕಾಗಿದ್ದೆವು. ಅಲ್ಲಿ ಎಲ್ಲದಕ್ಕೂ ಸೈ ಹಾಕುವವರು ಕಾರ್ಖಾನೆಯ ಯಜಮಾನ ಸಾಹೇಬರೊಬ್ಬರೇ. ಅವರಿಗೆ ಹೊರಗಿನವರಿಗೆ ಕೊಡುವ ಮೊಬೈಲ್ ನಂಬರಿಲ್ಲ. ಇದ್ದದ್ದು ಹಳೆಯ ಬೋರ್ಡ್ ನಂಬರೊಂದೇ.

ಮೊದಲ ಸಲ ಮಾಡಿದಾಗಲೇ ನನಗೆ ಏನೋ ವಿಚಿತ್ರವೆನಿಸಿತು. ಎರಡನೇ ಸಲ ಗಂಟೆ ಹೊಡೆಯುವಷ್ಟರಲ್ಲಿ ಫೋನ್ ಎತ್ತಿದರು. ಆದರೆ ಹಲೋ ಇಲ್ಲ, ಕಂಪನಿಯ ಹೆಸರಿಲ್ಲ. ಆ ಕಡೆಯಿಂದ ಬರೀ ಉಸಿರು. ಯಾರೋ ಕಿವಿಗೊಟ್ಟು ಕೂತಿದ್ದಾರೆ. ನಾನು ಮೊದಲು ಮಾತಾಡಲಿ ಎಂದು ಕಾಯುತ್ತಿದ್ದಾರೆ. ನಾನು ಮರಾಠಿಯಲ್ಲಿ ನಮಸ್ಕಾರ ಎಂದೆ. ಆಗ ಆ ಉಸಿರು ಸಣ್ಣಗೆ ಹೊರಬಿದ್ದಿತು, ನಿರಾಸೆಯಾದವರ ಹಾಗೆ. ಆಮೇಲೆ ವಯಸ್ಸಾದ ಹೆಂಗಸಿನ ದನಿ, ಯಾವ ವಿಷಯ ಎಂದು ಕೇಳಿತು. ನಾನು ಪೆದ್ದಿಯ ಹಾಗೆ ಫೈರ್ ಸರ್ವೀಸ್ ಎಂದುಬಿಟ್ಟೆ.

"ಸಾಹೇಬ್ ಜಾಗೇವರ್ ನಾಹೀತ್."

ಸಾಹೇಬರು ಜಾಗದಲ್ಲಿಲ್ಲ. ಇಮೇಲ್ ಕಳಿಸಿ ಎಂದಳು. ಕಳಿಸಿದೆ. ಬಾವಿಗೆ ಕಲ್ಲು ಹಾಕಿದ ಹಾಗಾಯಿತು, ಡುಬುಕ್ ಎನ್ನುವ ಸದ್ದೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಎಂಟೂವರೆಗೆ ಮಾಡಿದೆ. ಅಷ್ಟು ಹೊತ್ತಿಗೆ ಯಾವ ರಿಸೆಪ್ಶನಿಸ್ಟ್ ಬಂದಿರುತ್ತಾಳೆ? ಎರಡನೇ ಗಂಟೆಗೆ ಎತ್ತಿದರು. ಉಸಿರು. ನಮಸ್ಕಾರ ಎಂದೆ. ಜಾಗೇವರ್ ನಾಹೀತ್. ಸಂಜೆ ಆರೂವರೆಗೆ ಮಾಡಿದೆ. ಎರಡನೇ ಗಂಟೆ, ಅದೇ ಉಸಿರು. ಈ ಹೆಂಗಸಿಗೆ ಮನೆಮಠ ಇಲ್ಲವೇ ಎಂದು ಮೈ ಉರಿಯಿತು. ಬಿಲ್ಲಿನ ನೆಪದಲ್ಲಿ ಅಕೌಂಟ್ಸಿಗೆ ಹೋಗಿ, ಅಲ್ಲಿಯವನನ್ನು ಪುಸಲಾಯಿಸಿ ಸಾಹೇಬರಿಗೆ ಜೋಡಿಸಿಕೊಂಡೆ. ಕಿರ್ ಕಿರ್ ಎಂದು ಲೈನು ತಿರುಗಿ, ನಿಂತು, ಮತ್ತೆ ಅದೇ ಉಸಿರಿನ ಮುಂದೆ ನನ್ನನ್ನು ನಿಲ್ಲಿಸಿತು.

"ಪುನ್ಹಾ ತುಮ್ಹೀಚ್?" ಎಂದಳು. ಮತ್ತೆ ನೀವೇನಾ ಎಂದು. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ಬೇರೆ ಸಿಮ್ ಹಾಕಿ, ದನಿ ದಪ್ಪ ಮಾಡಿ, ಹಿಂದಿಯಲ್ಲಿ ಕುರಿಯರ್ ಎಂದೆ, ಸಾಹೇಬರ ಸೈ ಬೇಕು ಎಂದೆ. ಅವಳು ಮರಾಠಿಯಲ್ಲಿ ಹೆಂಗಸರನ್ನು ಕರೆಯುವ ಹಾಗೆ ಬಾಯಿ ಎಂದು ಕರೆದು ಮೆಲ್ಲಗೆ ಹೇಳಿದಳು: ಕುರಿಯರ್ ಆದರೆ ಗೇಟಿನಲ್ಲಿ ಕೊಡಿ, ನಿಮಗೆ ನೆಗಡಿಯಾದ ಹಾಗಿದೆ, ಬಿಸಿನೀರು ಕುಡಿಯಿರಿ. ನಾನು ಫೋನಿಟ್ಟೆ. ಅವರ ಬೋರ್ಡು ಹಳೆಯದು, ನಂಬರು ತೋರಿಸುವುದಿಲ್ಲ ಎಂದು ಅಕೌಂಟ್ಸಿನವನೇ ಹೇಳಿದ್ದ. ಹಾಗಾದರೆ ಬರೀ ದನಿಯಿಂದ ಹಿಡಿದಳು. ಆವತ್ತಿನಿಂದ ಎಷ್ಟೋ ಸಲ ಆ ನಂಬರನ್ನು ಅರ್ಧ ಒತ್ತಿ ಇಟ್ಟುಬಿಡುತ್ತಿದ್ದೆ. ಫೋನ್ ಎತ್ತುವ ಹೆಂಗಸಿಗೆ ಹೆದರುವುದೆಂದರೆ ನಗು ಬರುತ್ತದೆ, ಆದರೂ ಹೆದರಿದ್ದು ನಿಜ.

ಒಂದೇ ಒಂದು ಸಲ, ಮಧ್ಯಾಹ್ನ ಒಂದೂಕಾಲಿಗೆ, ವಾಚ್‌ಮನ್ ಎತ್ತಿದ. ರಿಸೆಪ್ಶನ್ನಿನ ಹೆಂಗಸು ಕೈ ತೊಳೆಯಲು ಹೋಗಿದ್ದಾಳೆ ಎಂದ. ಅಷ್ಟರಲ್ಲಿ ಎಷ್ಟು ಸಿಕ್ಕರೆ ಅಷ್ಟು ಎಂದು ಮಾತಿಗೆಳೆದೆ. ನನ್ನ ಮರಾಠಿ ಕೇಳಿ ಅವನು ನಕ್ಕ, ನಮ್ಮ ಸಾಹೇಬರೂ ನಿಮ್ಮ ಹಾಗೇ ರೀ ರೀ ಅಂತಾರೆ, ಬೆಳಗಾವಿ ಕಡೆಯವರು ಎಂದ. ಅಷ್ಟರಲ್ಲಿ ಯಾರೋ ಫೋನ್ ಕಿತ್ತುಕೊಂಡರು. ಉಸಿರು ಕೇಳಿಸಿತು. ನಾನು ಮಾತಾಡದೆ ಇಟ್ಟೆ.

ತಿಂಗಳು ಮುಗಿಯಲು ಐದು ದಿನವಿದ್ದಾಗ ಮಾಲಕರು ನನ್ನ ಮೇಜಿನ ಹತ್ತಿರ ಬಂದರು. ಅವರ ಮೇಲೆ ನನಗೆ ಈಗಲೂ ಸಿಟ್ಟಿಲ್ಲ, ಅವರದೂ ಸಣ್ಣ ಧಂದೆ.

"ಅಕ್ಕಾರ, ಆ ಕಾರ್ಖಾನಿ ಸಾಹೇಬರ ಸೈ ಈ ತಿಂಗಳದಾಗ ಆಗಬೇಕ್ರಿ. ಇಲ್ಲಾಂದ್ರ ಒಂದನೇ ತಾರೀಖಿನಿಂದ ನೀವು ತ್ರಾಸ ತಗೊಳ್ಳೂದು ಬ್ಯಾಡ."

ಗಂಡನ ನಗು ಕಿವಿಯಲ್ಲಿ ಕೇಳಿಸಿತು. ಮಾಲಕರು ಅತ್ತ ಹೋದ ಕೂಡಲೇ ಫೋನ್ ಎತ್ತಿದೆ. ನಾನು ಹಾಕಿದ್ದ ಹಂಚಿಕೆ ಇಷ್ಟೇ: ಕನ್ನಡ ಬಿಟ್ಟು ಬೇರೆ ಮಾತಾಡಬಾರದು. ಆ ಬಾಯಿಗೆ ಕನ್ನಡ ತಿಳಿಯುವುದಿಲ್ಲ, ಊರಿನಿಂದ ಯಾರೋ ಎಂದುಕೊಂಡು ಗಾಬರಿಯಿಂದ ಒಳಗೆ ಕೊಟ್ಟುಬಿಡುತ್ತಾಳೆ. ಅಕ್ಕ ಎನ್ನಬೇಕೆಂದು ನಾನು ಯೋಚಿಸಿರಲಿಲ್ಲ, ದೇವರಾಣೆ. ದಿನವಿಡೀ ಅಕ್ಕಾರ ಅಕ್ಕಾರ ಎಂದು ಕೇಳಿ ಕೇಳಿ ಅದೇ ನಾಲಿಗೆಯ ತುದಿಯಲ್ಲಿತ್ತೋ ಏನೋ.

ಎರಡನೇ ಗಂಟೆ. ಉಸಿರು.

"ಸಾಹೇಬ್ರಿಗೆ ಕೊಡ್ರಿ. ನಾನು ಅವರ ಅಕ್ಕ."

ಉಸಿರು ನಿಂತಿತು. ನಿಂತಿತು ಎಂದರೆ ನಿಂತೇಬಿಟ್ಟಿತು. ಲೈನು ಕಡಿಯಿತೋ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿದೆ. ಆಮೇಲೆ ಖುರ್ಚಿ ಸರಿದ ಸದ್ದು, ಏನೋ ನೆಲಕ್ಕೆ ಬಿದ್ದ ಸದ್ದು. ಯಾವ ವಿಷಯ ಎಂದು ಕೇಳಲಿಲ್ಲ. ಯಾವ ಊರು ಎಂದೂ ಕೇಳಲಿಲ್ಲ. ಕಟಕ್ ಎಂದು ಲೈನು ಒಳಗೆ ಹೋಯಿತು. ಗೆದ್ದೆ ಎಂದು ನಾನು ಪೆನ್ನು ಹಿಡಿದು ನೆಟ್ಟಗೆ ಕೂತೆ.

"ಅಕ್ಕಾ..."

ಗಂಡಸಿನ ದನಿ. ಆದರೆ ಅದು ಸಾಹೇಬನ ದನಿಯಾಗಿರಲಿಲ್ಲ. ಕತ್ತಲಲ್ಲಿ ಎದ್ದು ಕೂತ ಮಗುವಿನ ದನಿ.

"ಅಕ್ಕಾ, ನೀನ ಹೌದಲ್ಲ? ಹನ್ನೆರಡು ವರ್ಷ ಆತಲ್ಲ. ನಾ ಅಂದದ್ದು ತಪ್ಪಾತು. ಎಲ್ಲಿದ್ದೀ? ಇಡಬ್ಯಾಡ. ನಂಬರ ಹೇಳು, ನಾನ ಮಾಡ್ತೀನಿ."

ಸುಳ್ಳು ಎಂದು ಅಲ್ಲಿಯೇ ಹೇಳಬಹುದಿತ್ತು. ಆದರೆ ನಂಬರು ಹೇಳು ಎಂಬ ಮಾತು ಕಿವಿಗೆ ಬಿದ್ದದ್ದೇ, ಕಲಿಸಿದ ಗಿಣಿ ಮಾತಾಡಿತು. ಆಫೀಸಿನ ನಂಬರು, ಹತ್ತೂ ಅಂಕಿ, ಸ್ಪಷ್ಟವಾಗಿ, ನಡುವೆ ಬರೆದುಕೊಳ್ಳಲು ಬಿಡುವು ಕೊಟ್ಟು. ಹೇಳಿ ಮುಗಿಸಿದ ಮೇಲೆ ನಾನೇನು ಮಾಡಿದೆ ಎಂದು ತಿಳಿದು ಫೋನ್ ಕುಕ್ಕಿದೆ.

ಮರುದಿನ ಟೈಲ್ಸ್ ಅಂಗಡಿಯ ಮುಂದೆ ಚಹಾ ಕುಡಿದು ಮೇಲೆ ಬಂದರೆ, ನನ್ನ ಪಕ್ಕದ ಮೇಜಿನ ಸೊಲ್ಲಾಪುರದ ಹುಡುಗಿ, ಅಕ್ಕ ಇದ್ದಾಳೇನು ಎಂದು ನಿಮ್ಮ ತಮ್ಮ ಫೋನ್ ಮಾಡಿದ್ದರು ಎಂದಳು. ನನಗೆ ತಮ್ಮನಿಲ್ಲ. ಯಾವ ಹೊತ್ತಿಗೆ ಎಂದು ಕೇಳಿದೆ. ಒಂದೂಕಾಲಿಗೆ ಎಂದಳು. ಊಟದ ಹೊತ್ತು, ಬೇಕಾದವರು ತಾವೇ ಫೋನ್ ಎತ್ತಬಹುದಾದ ಹೊತ್ತು. ನಾನು ಹುಡುಗಿಗೆ ಹೇಳಿಟ್ಟೆ, ಮತ್ತೆ ಬಂದರೆ ನಾನಿಲ್ಲ ಎನ್ನು. ಮಾರನೆಯ ದಿನ ಬೆಳಿಗ್ಗೆ ಆಫೀಸಿನ ಬೀಗ ತೆಗೆಯುವಾಗಲೇ ಗಂಟೆ ಹೊಡೆಯುತ್ತಿತ್ತು. ಎತ್ತಲಿಲ್ಲ. ಸಂಜೆ ಎಲ್ಲರೂ ಹೊರಟ ಮೇಲೆ ಮತ್ತೆ ಹೊಡೆಯಿತು. ನಾನು ಮಾಡಿದ ಹಾಗೆಯೇ, ನಾನು ಮಾಡಿದ ಹೊತ್ತಿಗೇ ಮಾಡುತ್ತಿದ್ದರು. ಮೂರನೆಯ ದಿನ ಒಂದೂಕಾಲಿಗೆ ಹುಡುಗಿ ಫೋನ್ ಎತ್ತಿ, ನನ್ನ ಕಡೆ ನೋಡಿ, ತೀರ ಸಹಜವಾಗಿ ಹೇಳಿದಳು.

"ಮ್ಯಾಡಮ್ ಜಾಗೇವರ್ ನಾಹೀತ್."

ನಾನು ಅವಳ ಎದುರಿಗೇ ಕೂತಿದ್ದೆ. ಅವರು ಏನಂದರು ಎಂದು ಕೇಳಿದೆ. ಉಸಿರು ಬಿಟ್ಟು, ಅವಸರ ಇಲ್ಲ ಅಂತ ಹೇಳ್ರಿ, ನಾ ಕಾಯ್ತೀನಿ ಅಂದರು ಎಂದಳು.

ಆ ದಿನ ನನಗೆ ಊಟ ಸೇರಲಿಲ್ಲ. ಅವರಿಗೆ ನಿಜ ಹೇಳಬೇಕು, ಹೇಳಿದರೆ ಸೈ ಹೋಯಿತು, ಸೈ ಹೋದರೆ ಖುರ್ಚಿ ಹೋಯಿತು. ಹೇಳದಿದ್ದರೆ ಅಲ್ಲೊಬ್ಬ ಮನುಷ್ಯ ನನ್ನ ನಂಬರಿನ ಮುಂದೆ ಕೂತು ಸತ್ತವಳೋ ಬದುಕಿದವಳೋ ತಿಳಿಯದ ಅಕ್ಕನಿಗಾಗಿ ಕಾಯುತ್ತಾನೆ. ನಾನೇನು ಕಲ್ಲೇ? ಆದರೂ ಒಂದು ಇಡೀ ಮಧ್ಯಾಹ್ನ ನಾನು ಖುರ್ಚಿಯ ಬಗ್ಗೆಯೇ ಯೋಚಿಸಿದೆ. ಅದನ್ನು ಮುಚ್ಚಿಡುವುದಿಲ್ಲ.

ಸಂಜೆ ಐದಕ್ಕೆ ಫೋನ್ ಬಂತು. ಹುಡುಗಿ ಇರಲಿಲ್ಲ, ನಾನೇ ಎತ್ತಿದೆ. ಆ ಕಡೆ ಮಾತಿಲ್ಲ. ಗೊತ್ತಿದ್ದ ಉಸಿರು. ಆಮೇಲೆ ಆ ಮುದುಕಿ ಮರಾಠಿಯಲ್ಲಿ, ಸಾಹೇಬರು ಮೂರು ದಿನದಿಂದ ಊಟದ ಡಬ್ಬಿ ತೆರೆದಿಲ್ಲ ಬಾಯಿ, ನಾಳೆ ಬೆಳಿಗ್ಗೆ ಬನ್ನಿ ಎಂದಳು. ಬೈಯಲಿಲ್ಲ. ಫೈರ್ ಕಂಪನಿಯ ಬಾಯಿ ನೀವೇ ಅಲ್ಲವೇ ಎಂದೂ ಕೇಳಲಿಲ್ಲ. ನಾನು ಹೂಂ ಎಂದೆ.

ಬೆಳಿಗ್ಗೆ ಸ್ವಾರಗೇಟಿನಲ್ಲಿ ಬಸ್ಸು ಬದಲಿಸಿ ಹೋದೆ. ಮಗರಪಟ್ಟಾದ ಗಾಜಿನ ಕಟ್ಟಡಗಳನ್ನು ದಾಟುವಾಗ ಇಳಿದು ವಾಪಸು ಹೋಗಿಬಿಡೋಣ ಎಂದು ಎರಡು ಸಲ ಎದ್ದು ಎರಡು ಸಲ ಕೂತೆ. ಕೊಟೇಶನ್ ಕಾಗದವನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆ, ಅದಕ್ಕೆ ಏನನ್ನಬೇಕೋ ನೀವೇ ಅನ್ನಿ.

ಕಾರ್ಖಾನೆಯ ರಿಸೆಪ್ಶನ್ ಸಣ್ಣ ಕೋಣೆ. ರಟ್ಟಿನ ವಾಸನೆ. ಮೇಜಿನ ಹಿಂದೆ ಒಂಬತ್ತು ಗಜದ ಸೀರೆಯ ಸಣ್ಣ ಮುದುಕಿ, ಮುಂದೆ ಗುಂಡಿಗಳು ಸವೆದ ಫೋನಿನ ಬೋರ್ಡು. ನಮಸ್ಕಾರ ಎಂದೆ. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು, ಮುಖ ನೋಡಿ ಅವಳಿಗೆ ಆಗಬೇಕಾದ್ದೇನೂ ಇರಲಿಲ್ಲ. ಆಮೇಲೆ ರಿಜಿಸ್ಟರ್ ನನ್ನ ಕಡೆ ತಿರುಗಿಸಿದಳು. ನನ್ನ ಫೋನುಗಳೆಲ್ಲ ಅದರಲ್ಲಿದ್ದವು, ತಾಸು ನಿಮಿಷದ ಸಮೇತ. ಮೊದಲನೆಯದರ ಮುಂದೆ ಫೈರ್ ಬಾಯಿ ಎಂದಿತ್ತು. ಕುರಿಯರ್ ಎಂದದ್ದರ ಮುಂದೆಯೂ ಅದೇ. ಕೊನೆಯದರ ಮುಂದೆ ಅಕ್ಕ ಎಂದು ಬರೆದು, ಪಕ್ಕದಲ್ಲಿ ಸಣ್ಣದಾಗಿ ಮತ್ತೆ ಫೈರ್ ಬಾಯಿ ಎಂದು ಬರೆದಿತ್ತು.

ಗೊತ್ತಿದ್ದೂ ಯಾಕೆ ಒಳಗೆ ಕೊಟ್ಟಿರಿ ಎಂದೆ.

ಅವಳು ಬೋರ್ಡಿನ ಪಕ್ಕಕ್ಕೆ ಬೆರಳು ತೋರಿಸಿದಳು. ಮೇಜಿನ ಹಲಗೆಗೆ ಒಂದು ಚೀಟಿ ಅಂಟಿಸಿತ್ತು, ಹಳದಿಯಾಗಿ ಅಂಚು ಮುರಿದಿತ್ತು. ದಪ್ಪ ಅಕ್ಷರದಲ್ಲಿ ಮರಾಠಿಯಲ್ಲಿ ಬರೆದದ್ದು. ಕನ್ನಡದಲ್ಲಿ ಯಾರಾದರೂ ಹೆಂಗಸು 'ನಾನು ಅಕ್ಕ' ಎಂದರೆ, ನಾನು ಯಾವ ಮೀಟಿಂಗಿನಲ್ಲಿದ್ದರೂ ಜೋಡಿಸುವುದು.

ಪ್ರತಿ ರಿಸೆಪ್ಶನ್ನಿನಲ್ಲೂ ಇಂಥದೊಂದು ಪಟ್ಟಿ ಇರುತ್ತದೆ, ಯಾರನ್ನು ಕೇಳದೆ ಒಳಗೆ ಬಿಡಬೇಕು ಎಂಬ ಪಟ್ಟಿ. ನಮ್ಮ ಮಾಲಕರು ಅದನ್ನೂ ಹೇಳಿದ್ದರು. ಇವರ ಪಟ್ಟಿಯಲ್ಲಿ ಇದ್ದದ್ದು ಒಬ್ಬಳೇ, ಸಾಹೇಬರ ಅಕ್ಕ ಎಂದು ಮುದುಕಿ ಹೇಳಿದಳು. ಅಕ್ಕ ತನ್ನಿಷ್ಟದವನನ್ನು ಮದುವೆಯಾದಾಗ ತಮ್ಮನಾದ ಇವರು ಇನ್ನು ನಿನ್ನ ಮುಖ ತೋರಿಸಬೇಡ ಎಂದಿದ್ದರಂತೆ. ಅವಳು ತೋರಿಸಲಿಲ್ಲ. ಆಮೇಲೆ ಯಾರದೋ ಕೈಯಲ್ಲಿ ಈ ಕಾರ್ಖಾನೆಯ ಕಾರ್ಡು ಅವಳಿಗೆ ಮುಟ್ಟಿದೆ ಎಂದಷ್ಟೇ ಗೊತ್ತು. ಅದರಲ್ಲಿ ಈ ಬೋರ್ಡಿನ ನಂಬರಿದೆ. ಅದಕ್ಕೇ ಬೋರ್ಡು ಬದಲಿಸಲು ಬಿಡಲಿಲ್ಲ. ಅದಕ್ಕೇ ಈ ಮುದುಕಿ ನಿವೃತ್ತಿಯಾದ ಮೇಲೂ ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ಇಲ್ಲಿ ಕೂತು, ಪ್ರತಿ ಸಲ ಫೋನ್ ಎತ್ತಿದಾಗ ಮೊದಲು ಸುಮ್ಮನಿರುತ್ತಾಳೆ. ಹಲೋ ಎಂದರೆ ಅಕ್ಕ ಹೆದರಿ ಇಟ್ಟುಬಿಟ್ಟರೆ? ಹನ್ನೆರಡು ವರ್ಷ ಅವಳು ಕೇಳಿದ್ದು ಸೇಲ್ಸಿನವರ ನಮಸ್ಕಾರಗಳನ್ನು.

"ಜೋಡಿಸು ಎಂದು ಬರೆದಿದೆ ಬಾಯಿ, ಪರೀಕ್ಷೆ ಮಾಡು ಎಂದು ಬರೆದಿಲ್ಲ" ಎಂದಳು ಮರಾಠಿಯಲ್ಲಿ. "ನಾನು ತಡೆದವಳೇ ನಿಜವಾದವಳಾಗಿದ್ದರೆ?"

ಸಾಹೇಬರು ಒಳಗೆ ಎದ್ದು ನಿಂತಿದ್ದರು. ನಲವತ್ತೈದರ ಆಸುಪಾಸು, ನರೆತ ಮೀಸೆ. ನನ್ನನ್ನು ನೋಡಿದರು. ಆಮೇಲೆ ನನ್ನ ಹೆಗಲ ಮೇಲಿಂದ ಬಾಗಿಲ ಕಡೆ ನೋಡಿದರು, ನೋಡುತ್ತಲೇ ಇದ್ದರು. ನಾನೂ ತಿರುಗಿ ನೋಡಿದೆ. ನನ್ನ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಎಂದು ಆ ಗಳಿಗೆ ನನಗೂ ನಿಜವಾಗಿ ಅನ್ನಿಸಿತು.

"ಹಿಂದ ಯಾರೂ ಇಲ್ಲೇನ್ರಿ?" ಎಂದರು.

ಇಲ್ಲ ಎಂದೆ. ಎಲ್ಲ ಹೇಳಿದೆ, ಒಂದು ತಿಂಗಳಿನದೂ, ಕುರಿಯರಿನದೂ, ಖುರ್ಚಿಯದೂ. ಅಳು ಬಂತು, ಅತ್ತೆ. ಆಕೆ ನಿಮ್ಮನ್ನು ಕಳಿಸಿಲ್ಲವೇ ಎಂದು ಕೇಳಿದರು. ಇಲ್ಲ. ಆಕೆಯ ವಿಷಯ ನಿಮಗೆ ಯಾರೂ ಹೇಳಿರಲಿಲ್ಲವೇ? ಇಲ್ಲ. ಹಾಗಾದರೆ ಅಕ್ಕ ಅಂತ ಯಾಕೆ ಅಂದಿರಿ? ನನಗೆ ಗೊತ್ತಿಲ್ಲ ಎಂದೆ.

ಅವರು ಕೂತರು. ಬಹಳ ಹೊತ್ತು ಮೇಜಿನ ಮೇಲಿನ ಕಾಗದ ಸರಿ ಮಾಡಿದರು. ಬೈಯುತ್ತಾರೆ, ಪೊಲೀಸರಿಗೆ ಹೇಳುತ್ತಾರೆ, ಏನಾದರೂ ಮಾಡುತ್ತಾರೆ ಎಂದು ಕಾದೆ.

"ನೀವು ಫೋನಿನ್ಯಾಗ ಏನೂ ಮಾತಾಡಲಿಲ್ರಿ. ನಂಬರಷ್ಟ ಹೇಳಿದ್ರಿ. ಉಳಿದದ್ದೆಲ್ಲಾ ನಾನ ಮಾತಾಡಿದೆ" ಎಂದರು. ಆಮೇಲೆ ಕೈ ಚಾಚಿ, "ತಂದಿರೇನು ಕಾಗದ?" ಎಂದರು.

ನಾನು ಕೊಟ್ಟೆ. ಬೇಡ ಎನ್ನಬಹುದಿತ್ತು, ಎನ್ನಲಿಲ್ಲ. ಅವರು ಎರಡೂ ಪುಟ ಓದಿ, ಗೇಟಿನ ಸಿಲಿಂಡರಿನ ಚೀಟಿ ನಾನೂ ನೋಡಬೇಕಿತ್ತು ಎಂದು ಸೈ ಹಾಕಿದರು. ಪೆನ್ನು ಇಟ್ಟು ಮುದುಕಿಯನ್ನು ಕರೆದರು. ಮರಾಠಿಯಲ್ಲಿ, ಆ ಚೀಟಿ ತೆಗೆದುಬಿಡಿ ಎಂದರು. ಅವಳು ಅಲ್ಲಾಡಲಿಲ್ಲ. ಸಾಕಿನ್ನು, ಇವತ್ತು ಇವರು, ನಾಳೆ ಇನ್ನೊಬ್ಬರು, ಪ್ರತಿ ಸಲ ನಾನು ಹೀಗೆ ಎದ್ದು ನಿಲ್ಲಲಾರೆ ಎಂದರು. ಯಾರೇ ಅಕ್ಕ ಎಂದರೂ ಜಾಗದಲ್ಲಿಲ್ಲ ಎನ್ನಿ.

ಹೊರಗೆ ಬಂದಾಗ ಅವಳು ಉಗುರಿನಿಂದ ಚೀಟಿ ಕೀಳುತ್ತಿದ್ದಳು. ಅಂಟಿದ್ದ ಜಾಗದಲ್ಲಿ ಹಲಗೆ ಚೌಕಾಕಾರವಾಗಿ ಹೊಸದರ ಹಾಗೆ ಕಂಡಿತು. ನನಗೆ ಆಗ ಹಗುರವಾಯಿತು ಎಂದರೆ ನಂಬುತ್ತೀರಾ? ಒಳ್ಳೆಯದೇ ಆಯಿತು, ಪಾಪ, ಇನ್ನಾದರೂ ಆ ಮನುಷ್ಯ ಊಟ ಮಾಡಲಿ ಎಂದುಕೊಂಡೆ. ಹೊರಡುವ ಮುಂಚೆ, ರೂಢಿಯಾದ ಹಾಗೆ, ಅವಳ ರಿಜಿಸ್ಟರಿನಲ್ಲಿ ನಮ್ಮ ನಂಬರು ಬರೆದು ಬಂದೆ.

ಮಾಲಕರು ಪೇಢೆ ಹಂಚಿದರು. ಗಂಡ ಮತ್ತೆ ನಗಲಿಲ್ಲ. ಸಿಲಿಂಡರುಗಳಿಗೆಲ್ಲ ಹೊಸ ಚೀಟಿ ಬಿದ್ದವು.

ಎಂಟು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ, ಒಂದೂಕಾಲಿಗೆ, ಫೋನ್ ಎತ್ತಿದೆ. ಉಸಿರು. ನನಗೆ ಕೂಡಲೇ ಗೊತ್ತಾಯಿತು. ಆದರೆ ಈ ಸಲ ಅದು ಕಿವಿಗೊಟ್ಟ ಉಸಿರಲ್ಲ, ಓಡಿ ಬಂದವರ ಏದುಸಿರು.

ಬಾಯಿ, ಬೆಳಿಗ್ಗೆ ಹನ್ನೊಂದಕ್ಕೆ ನೀವು ಫೋನ್ ಮಾಡಿದ್ದಿರಾ ಎಂದು ಕೇಳಿದಳು. ಇಲ್ಲವಲ್ಲ, ಯಾಕೆ ಎಂದೆ. ಒಬ್ಬ ಹೆಂಗಸು, ಕನ್ನಡದಲ್ಲಿ ಏನೋ ಹೇಳಿದಳು, ಕಡೆಗೆ ಅಕ್ಕ ಎಂದಳು, ಹಿಂದೆ ಬಸ್ಸಿನ ಹಾರ್ನು ಕೇಳಿಸುತ್ತಿತ್ತು ಎಂದಳು. ದನಿ ನಿಮ್ಮದಲ್ಲ ಎನ್ನಿಸಿತು. ಆದರೆ ನಿಮ್ಮದೇ ಇರಬಹುದು ಎಂದುಕೊಂಡೆ, ಬೇರೆ ಯಾರಾದರೂ ಕಂಪನಿಯವರಿರಬಹುದು ಎಂದುಕೊಂಡೆ. ಸಾಹೇಬರು ಹೇಳಿದ ಹಾಗೆ ಹೇಳಿದೆ, ಎಂದಳು.

ಏನಂದಿರಿ ಎಂದು ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದೆ.

"ಜಾಗೇವರ್ ನಾಹೀತ್, ಅಂದೆ."

ಅವಳೇನಂದಳು ಎಂದೆ. ಫೋನ್ ಇಟ್ಟುಬಿಟ್ಟಳಂತೆ. ನಂಬರು ಕೊಡಲಿಲ್ಲ. ನಂಬರು ಹೇಳಿ ಫೋನ್ ಇಡಬೇಕೆಂದು ಅವಳಿಗೆ ಯಾರು ಕಲಿಸಿದ್ದರು?

"ತುಮ್ಹೀಚ್ ಹೋತಾ ನಾ, ಬಾಯಿ?" ಎಂದಳು ಮುದುಕಿ. ಅದು ನೀವೇ ತಾನೇ. ಹೌದು ಎನ್ನಿ. ಒಂದು ಸಲ ಹೌದು ಎನ್ನಿ.

ಹಿಂದೆ ಯಾರೂ ಕೇಳದಿದ್ದರೂ ಸುಳ್ಳು ಹೇಳಿದವಳು ನಾನು. ಈಗ ಎಪ್ಪತ್ತು ವರ್ಷದ ಹೆಂಗಸು ಕೈಮುಗಿದ ಹಾಗೆ ಒಂದು ಸುಳ್ಳು ಬೇಡುತ್ತಿದ್ದಳು, ಅದನ್ನು ಕೊಟ್ಟರೆ ಅವಳು ರಾತ್ರಿ ಮಲಗುತ್ತಿದ್ದಳು. ಹೌದು ಎಂದರೆ ಆ ಫೋನು ಬರಲೇ ಇಲ್ಲ ಎಂದಾಗುತ್ತದೆ, ಸಾಹೇಬರಿಗೆ ತಿಳಿಯುವುದೇ ಇಲ್ಲ.

ನಾನಲ್ಲ ಎಂದೆ.

ಅವಳು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಸಾಹೇಬರಿಗೆ ಹೇಳುತ್ತೇನೆ ಎಂದಳು.

ಚೀಟಿಯನ್ನು ಮತ್ತೆ ಅಂಟಿಸಿದ್ದಾರೆ, ಅದೇ ಚೌಕದ ಮೇಲೆ, ಸಾಹೇಬರ ಕೈಬರಹದಲ್ಲೇ. ಮೂರು ತಿಂಗಳಿಗೊಮ್ಮೆ ಸಿಲಿಂಡರು ನೋಡಲು ಟೆಕ್ನಿಶಿಯನ್ ಜೊತೆ ನಾನೂ ಹೋಗುತ್ತೇನೆ, ಹೋಗಬೇಕಾದ ಕೆಲಸವೇನೂ ಇರುವುದಿಲ್ಲ. ಅವನು ಒಳಗೆ ಹೋದಾಗ ನಾನು ರಿಸೆಪ್ಶನ್ನಿನ ಬೆಂಚಿನ ಮೇಲೆ ಕೂರುತ್ತೇನೆ. ಮುದುಕಿ ಚಹಾ ತರಿಸುತ್ತಾಳೆ, ನಾವು ಹೆಚ್ಚು ಮಾತಾಡುವುದಿಲ್ಲ. ಮೊನ್ನೆ ಹೋದಾಗಲೂ ಬೋರ್ಡಿನ ಗಂಟೆ ಹೊಡೆಯಿತು. ಎರಡನೇ ಗಂಟೆಗೆ ಅವಳು ಎತ್ತಿದಳು. ಒಳಗಿನ ಕೋಣೆಯಲ್ಲಿ ಖುರ್ಚಿ ಸರಿದ ಸದ್ದು ಕೇಳಿಸಿತು. ಅವಳು ಉಸಿರು ಹಿಡಿದಳು, ನಾನೂ ಹಿಡಿದೆ.

ಕುರಿಯರಿನವನು. ಗೇಟಿನಲ್ಲಿ ಕೊಡಿ ಎಂದಳು.